ಎರಡೆಲೆ, ಒಂದು ಕುಡಿ

ಹನುಮಂತನಗರದ ಯಾವುದಾದರೂ ದಿನಸಿ ಅಂಗಡಿಗೆ ಹೋಗಿ ಚಹಾಪುಡಿಯ ಸಾಲನ್ನು ನೋಡಿ. ಹತ್ತಾರು ಬಣ್ಣದ ಪೊಟ್ಟಣಗಳು. ಒಂದರ ಮೇಲೆ ಬೆಟ್ಟದ ಚಿತ್ರ, ಇನ್ನೊಂದರ ಮೇಲೆ ಬುಟ್ಟಿ ಹೊತ್ತು ನಗುತ್ತಿರುವ ಹೆಂಗಸು. ಕೆಲವುಗಳ ಮೇಲೆ ‘ಕೈಯಿಂದ ಕಿತ್ತ ಎಲೆಗಳಿಂದ ತಯಾರಿಸಿದ್ದು’ ಎಂಬ ಸಾಲೂ ಇರುತ್ತದೆ. ಕೈಯಿಂದ ಕಿತ್ತರೆ ಏನು ವಿಶೇಷ? ಯಂತ್ರದಿಂದ ಕತ್ತರಿಸಿದರೆ ಏನು ನಷ್ಟ? ಈ ಸಾಲಿನ ಅರ್ಥ ತಿಳಿಯಬೇಕಾದರೆ ಪೊಟ್ಟಣವನ್ನು ಅಲ್ಲೇ ಇಟ್ಟು, ತೋಟದಲ್ಲಿ ಎಲೆ ಕೀಳುವ ಹೆಂಗಸಿನ ಒಂದು ಬೆಳಗನ್ನು ನೋಡಬೇಕು.

ಚಹಾ ಎಂದೊಡನೆ ಅಸ್ಸಾಂ, ಡಾರ್ಜಿಲಿಂಗ್, ನೀಲಗಿರಿ ನೆನಪಾಗುತ್ತವೆ. ಕರ್ನಾಟಕವೆಂದರೆ ಕಾಫಿ ಎಂದೇ ನಮ್ಮ ಎಣಿಕೆ. ಆದರೆ ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಲ್ಲಿ, ಕೊಡಗಿನ ದಕ್ಷಿಣ ಭಾಗದ ಗ್ಲೆನ್‌ಲೋರ್ನಾದಲ್ಲಿ ಕಾಫಿ ತೋಟಗಳ ನೆರೆಯಲ್ಲೇ ಚಹಾ ಬೆಳೆದಿದೆ. ಘಟ್ಟದ ತಂಪು, ಧಾರಾಳವಾದ ಮಳೆ, ನೀರು ನಿಲ್ಲದ ಇಳಿಜಾರು, ಹುಳಿ ಗುಣದ ಮಣ್ಣು. ಚಹಾ ಗಿಡ ಕೇಳುವುದು ಇಷ್ಟನ್ನೇ.

ಹಾಜರಿಯ ಹೊತ್ತು

ಮಲೆನಾಡಿನ ಚಹಾ ತೋಟದ ಲೈನು ಮನೆಗಳಲ್ಲಿ ದೀಪ ಹತ್ತುವುದು ಬೆಳಕು ಹರಿಯುವ ಮೊದಲೇ. ಎಲೆ ಕೀಳುವ ಹೆಂಗಸಿಗೆ ಆ ಹೊತ್ತಿನಲ್ಲಿ ಎರಡು ಹೊತ್ತಿನ ಅಡುಗೆ ಮುಗಿಯಬೇಕು. ಸ್ಕೂಲಿಗೆ ಹೋಗುವ ಮಕ್ಕಳಿಗೊಂದು ಡಬ್ಬಿ, ತನಗೊಂದು ಡಬ್ಬಿ. ಎಳೆಗೂಸಿದ್ದರೆ ಅದನ್ನು ತೋಟದ ಶಿಶುವಿಹಾರಕ್ಕೆ ಬಿಡಬೇಕು. ತೋಟದ ಮಾಲೀಕರು ಇಂಥ ಶಿಶುವಿಹಾರ, ವಾಸದ ಮನೆ, ವೈದ್ಯಕೀಯ ನೆರವು ಒದಗಿಸಬೇಕೆಂದು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆ ವಿಧಿಸಿತು.

ಬೆಳಿಗ್ಗೆ ಏಳರ ಸುಮಾರಿಗೆ ಹಾಜರಿ. ಮೇಸ್ತ್ರಿ ಇಂದಿನ ಕೆಲಸ ಯಾವ ಭಾಗದಲ್ಲಿ ಎಂದು ಹೇಳಿ, ಒಬ್ಬೊಬ್ಬರಿಗೂ ಗಿಡಗಳ ಸಾಲನ್ನು ಹಂಚುತ್ತಾನೆ. ಆಕೆ ಸೊಂಟದ ಸುತ್ತ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಳ್ಳುತ್ತಾಳೆ. ಇದು ಮಳೆಗಾಲಕ್ಕೆ ಮಾತ್ರವಲ್ಲ. ಗಿಡಗಳು ಸೊಂಟದೆತ್ತರಕ್ಕೆ ಒತ್ತಾಗಿ ಬೆಳೆದಿರುವುದರಿಂದ, ಇಬ್ಬನಿ ಕುಡಿದ ಸಾಲಿನ ನಡುವೆ ಹತ್ತು ಹೆಜ್ಜೆ ಹಾಕುವುದರಲ್ಲಿ ಸೀರೆಯೆಲ್ಲ ತೊಯ್ದುಹೋಗುತ್ತದೆ. ಕೊಂಬೆಗಳ ತುದಿ ಬಟ್ಟೆಯನ್ನು ಹರಿಯುತ್ತದೆ. ಮಳೆಯ ದಿನಗಳಲ್ಲಿ ಇಂಬಳಗಳ ಕಾಟ ಬೇರೆ. ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಂಡೇ ತೋಟಕ್ಕಿಳಿಯುವುದು ಮಲೆನಾಡಿನವರಿಗೆ ಹೊಸತಲ್ಲ.

ಬೆರಳುಗಳಿಗೆ ಗೊತ್ತಿರುವುದು

ಹಾಗೇ ಬಿಟ್ಟರೆ ಚಹಾ ಗಿಡ ಒಂದು ಸಣ್ಣ ಮರವೇ ಆಗುತ್ತದೆ. ಅದನ್ನು ನಾಲ್ಕೈದು ವರ್ಷಕ್ಕೊಮ್ಮೆ ಕವಾತು ಮಾಡಿ, ಮೇಲ್ಭಾಗವನ್ನು ಮೇಜಿನಂತೆ ಸಮತಟ್ಟಾಗಿ ಇಟ್ಟಿರುತ್ತಾರೆ. ಗಿಡದ ತುದಿಯನ್ನು ಮುರಿದಾಗ ಕೆಳಗಿನ ಎಲೆಯ ಕಂಕುಳಲ್ಲಿ ಮಲಗಿದ್ದ ಮೊಗ್ಗು ಎಚ್ಚರಗೊಂಡು ಹೊಸ ಚಿಗುರಾಗುತ್ತದೆ. ತುಳಸಿಯ ಕುಡಿ ಚಿವುಟಿದರೆ ಗಿಡ ಪೊದೆಯಾಗುವುದಿಲ್ಲವೇ? ಹಾಗೆಯೇ. ಆದ್ದರಿಂದ ಚಹಾ ತೋಟದಲ್ಲಿ ಕೊಯ್ಲೇ ಮುಂದಿನ ಬೆಳೆಗೆ ಬೀಜ.

ಆಕೆಗೆ ಬೇಕಾದದ್ದು ಚಿಗುರಿನ ತುದಿ ಮಾತ್ರ. ಇನ್ನೂ ಬಿಚ್ಚದ ಸೂಜಿಯಂಥ ಒಂದು ಕುಡಿ, ಅದರ ಕೆಳಗಿನ ಎರಡು ಎಳೆಯ ಎಲೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಾಂಡವನ್ನು ಹಿಡಿದು, ಉಗುರು ತಾಗಿಸದೆ ‘ಟಕ್’ ಎಂದು ಮುರಿಯುತ್ತಾಳೆ. ಕಾಂಡ ಎಳೆಯದಾಗಿದ್ದರೆ ಹಸಿ ಬೀನ್ಸ್ ಮುರಿದಂತೆ ಮುರಿಯುತ್ತದೆ. ಬಲಿತಿದ್ದರೆ ಮುರಿಯದೆ ಬಾಗುತ್ತದೆ, ನಾರು ಎಳೆದುಕೊಂಡು ಬರುತ್ತದೆ. ಕಣ್ಣಿಗಿಂತ ಮೊದಲೇ ಬೆರಳಿಗೆ ಎಳತು, ಬಲಿತು ಗೊತ್ತಾಗುವುದು ಹೀಗೆ. ಎರಡೂ ಕೈ ಒಟ್ಟಿಗೆ ಓಡುತ್ತವೆ, ಮುಷ್ಟಿ ತುಂಬಿದೊಡನೆ ಎಲೆ ಬೆನ್ನ ಹಿಂದಿನ ಬುಟ್ಟಿಗೋ ಚೀಲಕ್ಕೋ ಬೀಳುತ್ತದೆ.

ಕೆಲವು ಚಿಗುರುಗಳ ತುದಿಯಲ್ಲಿ ಸೂಜಿಯಂಥ ಕುಡಿ ಇರುವುದಿಲ್ಲ. ಅಲ್ಲಿ ಬೆಳವಣಿಗೆ ನಿಂತು, ಚಿಕ್ಕದೊಂದು ಮೊಗ್ಗು ಮುದುಡಿ ಕುಳಿತಿರುತ್ತದೆ. ಇದಕ್ಕೆ ದೇಶದ ಚಹಾ ತೋಟಗಳಲ್ಲೆಲ್ಲ ‘ಬಂಜಿ’ ಎಂದು ಹೆಸರು. ನಮ್ಮ ‘ಬಂಜೆ’ ಎಂಬ ಮಾತೇ ಅದು! ಬಂಜಿ ಎಳೆಯದಾಗಿದ್ದರೆ ಕಿತ್ತು ಬುಟ್ಟಿಗೆ ಹಾಕಬಹುದು, ಬಲಿತಿದ್ದರೆ ಮುರಿದು ಎಸೆಯಬೇಕು. ಗಿಡದಲ್ಲೇ ಬಿಟ್ಟರೆ ಅದು ಆ ಕೊಂಬೆಯ ಚಿಗುರನ್ನು ತಡೆಯುತ್ತದೆ.

ಒಂದು ಗಿಡಕ್ಕೆ ಮತ್ತೆ ಕೈ ಹಾಕುವುದು ಯಾವಾಗ ಎಂಬುದೂ ಮುಖ್ಯ. ಚಿಗುರು ಜೋರಾಗಿರುವ ಕಾಲದಲ್ಲಿ ಏಳರಿಂದ ಹತ್ತು ದಿನಕ್ಕೊಮ್ಮೆ ಅದೇ ಸಾಲಿಗೆ ಬರಬೇಕು. ಚಳಿಯಲ್ಲೋ ಬಿಸಿಲಲ್ಲೋ ಈ ಅಂತರ ಹಿಗ್ಗುತ್ತದೆ. ಆಳುಗಳು ಸಾಲದೆ ಸರದಿ ಒಂದು ವಾರ ತಪ್ಪಿದರೆ ಎರಡೆಲೆಯ ಚಿಗುರು ಮೂರೆಲೆ, ನಾಲ್ಕೆಲೆಯದಾಗುತ್ತದೆ. ಆಗ ಎಷ್ಟೇ ನಯವಾದ ಕೈಗೂ ಎಳೆಯ ಎಲೆ ಸಿಗದು.

ಒಂದು ಲೋಟಕ್ಕೆ ಎಷ್ಟು ಚಿಗುರು?

ವಿದ್ಯಾರ್ಥಿಗಳೇ, ಈಗೊಂದು ಸಣ್ಣ ಲೆಕ್ಕ. ಎರಡೆಲೆ, ಒಂದು ಕುಡಿಯ ಒಂದು ಚಿಗುರು ಸುಮಾರು ಅರ್ಧ ಗ್ರಾಂ ತೂಗುತ್ತದೆ ಎಂದು ಇಟ್ಟುಕೊಳ್ಳೋಣ. ತಳಿಗೆ ತಕ್ಕಂತೆ ತುಸು ಹೆಚ್ಚು ಕಡಿಮೆ ಆಗಬಹುದು. ಒಂದು ಕಿಲೋ ಹಸಿ ಎಲೆಗೆ 2,000 ಚಿಗುರು ಬೇಕಾಯಿತು. ಹಸಿ ಎಲೆಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ ಇರುವುದರಿಂದ, ಒಂದು ಕಿಲೋ ಚಹಾಪುಡಿಗೆ ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆ ಬೇಕು. ಅಂದರೆ 9,000 ಚಿಗುರು. ಒಂದು ಲೋಟ ಚಹಾಕ್ಕೆ ಎರಡು ಗ್ರಾಂ ಪುಡಿ ಹಾಕಿದರೆ, ಅದರಲ್ಲಿ 18 ಚಿಗುರು ಇದ್ದಂತಾಯಿತು. ಹದಿನೆಂಟು ಬಾರಿ ಯಾರದೋ ಬೆರಳು ‘ಟಕ್’ ಎಂದಿದೆ!

ದಿನವೊಂದಕ್ಕೆ ಇಪ್ಪತ್ತು ಕಿಲೋ ಕಿತ್ತವಳು 40,000 ಚಿಗುರು ಮುರಿದಿರುತ್ತಾಳೆ. ಎಂಟು ಗಂಟೆಯ ಕೆಲಸಕ್ಕೆ ಇದನ್ನು ಹಂಚಿ ನೋಡಿ. ಸೆಕೆಂಡಿಗೆ ಒಂದಕ್ಕಿಂತ ಹೆಚ್ಚು.

ತಕ್ಕಡಿಯ ಮುಂದೆ

ಕಿತ್ತ ಎಲೆಯನ್ನು ದಿನದಲ್ಲಿ ಎರಡು ಮೂರು ಸಲ ತೂಗುತ್ತಾರೆ. ಆ ಬೆಳಗಿನ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ಸಾಮಾನ್ಯವಾಗಿ ತೋಟಗಳಲ್ಲಿ ದಿನಗೂಲಿಯ ಜೊತೆಗೆ ಇಷ್ಟು ಕಿಲೋ ಕೀಳಲೇಬೇಕೆಂಬ ನಿಗದಿ ಇರುತ್ತದೆ. ಅದಕ್ಕಿಂತ ಹೆಚ್ಚು ಕಿತ್ತರೆ ಪ್ರತಿ ಕಿಲೋಗೂ ಇಷ್ಟೆಂದು ಹೆಚ್ಚಿನ ಹಣ.

ಇಬ್ಬರು ಹೆಂಗಸರನ್ನು ಊಹಿಸಿಕೊಳ್ಳಿ. ಒಬ್ಬಳು ಎರಡೆಲೆಯ ಚಿಗುರನ್ನೇ ಆರಿಸಿ ಹದಿನೆಂಟು ಕಿಲೋ ತಂದಿದ್ದಾಳೆ. ಇನ್ನೊಬ್ಬಳು ಮೂರನೆಯ, ನಾಲ್ಕನೆಯ ಎಲೆಯನ್ನೂ ಸೇರಿಸಿ ಇಪ್ಪತ್ತಾರು ಕಿಲೋ ತಂದಿದ್ದಾಳೆ. ಬಲಿತ ಎಲೆ ದೊಡ್ಡದು, ತೂಕವೂ ಹೆಚ್ಚು. ತಕ್ಕಡಿ ನೋಡಿದರೆ ಎರಡನೆಯವಳು ಗೆದ್ದಳು. ಚಹಾದ ಗುಣ ನೋಡಿದರೆ ಮೊದಲನೆಯವಳು. ಕೂಲಿ ತಕ್ಕಡಿಯನ್ನು ಮಾತ್ರ ನೋಡಿದರೆ, ನಯವಾಗಿ ಕಿತ್ತವಳಿಗೆ ತನ್ನ ಕೈಗುಣವೇ ನಷ್ಟ.

ಇದನ್ನು ತಡೆಯಲು ಒಂದು ಸರಳ ಪರೀಕ್ಷೆ ಇದೆ. ಬಂದ ಎಲೆಯಿಂದ ಒಂದು ಹಿಡಿ ತೆಗೆದು, ಎಳೆಯದನ್ನೂ ಬಲಿತದ್ದನ್ನೂ ಬೇರೆ ಬೇರೆ ಗುಡ್ಡೆ ಮಾಡಿ, ನೂರಕ್ಕೆ ಎಷ್ಟು ಎಳೆಯದು ಎಂದು ಲೆಕ್ಕ ಹಾಕುವುದು. ತೋಟದ ಗುಣ ಕಾಯಬೇಕೆನ್ನುವವರು ತೂಕದ ಜೊತೆಗೆ ಈ ಅಂಕಿಯನ್ನೂ ನೋಡುತ್ತಾರೆ.

ಇನ್ನೊಂದು ತಕರಾರು ನೀರಿನದು. ಇಬ್ಬನಿಯಲ್ಲೋ ಮಳೆಯಲ್ಲೋ ಕಿತ್ತ ಎಲೆಯ ಮೇಲೆ ನೀರು ನಿಂತಿರುತ್ತದೆ. ಅದಕ್ಕಾಗಿ ತೂಕದಲ್ಲಿ ಮುರಿದುಕೊಳ್ಳುತ್ತಾರೆ. ನೂರಕ್ಕೆ ಹತ್ತು ಮುರಿದರೆ ಇಪ್ಪತ್ತು ಕಿಲೋ ಹದಿನೆಂಟಾಯಿತು. ಎಷ್ಟು ಮುರಿಯುವುದು ನ್ಯಾಯ ಎಂಬುದು ಮೇಸ್ತ್ರಿಯ ಕಣ್ಣಂದಾಜಿಗೆ ಬಿಟ್ಟಾಗ ತಕ್ಕಡಿಯ ಮುಂದೆ ಮಾತು ಬೆಳೆಯುವುದು ಸಹಜ.

ಬದನೆಕಾಯಿ ಕಪ್ಪಾಗುವಂತೆ

ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದನ್ನು ನೀವು ನೋಡಿದ್ದೀರಿ. ಚಹಾ ಎಲೆಯಲ್ಲಿ ನಡೆಯುವುದೂ ಅದೇ. ಎಲೆಯ ಜೀವಕೋಶದಲ್ಲಿ ಪಾಲಿಫಿನಾಲ್ ಎಂಬ ಒಗರು ವಸ್ತುಗಳು ಒಂದು ಕಡೆ, ಅವನ್ನು ಬದಲಾಯಿಸುವ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಎಲೆ ಜಜ್ಜಿದಾಗ ಎರಡೂ ಬೆರೆತು, ಗಾಳಿಯ ಆಮ್ಲಜನಕ ಸೇರಿ, ಹಸಿರು ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ನಮ್ಮ ಚಹಾದ ಕೆಂಪು, ಚುರುಕು, ಪರಿಮಳಗಳಿಗೆ ಕಾರಣ ಇದೇ ಕ್ರಿಯೆ. ಈ ಪಾಲಿಫಿನಾಲ್‌ಗಳೂ ಕೆಫೀನೂ ಹೆಚ್ಚಾಗಿರುವುದು ಕುಡಿಯಲ್ಲಿ, ಎಳೆಯ ಎಲೆಯಲ್ಲಿ. ಬಲಿತಂತೆ ಅವು ತಗ್ಗಿ ನಾರು ಹೆಚ್ಚುತ್ತದೆ. ಎರಡೆಲೆ, ಒಂದು ಕುಡಿ ಎಂಬ ನಿಯಮ ಹುಟ್ಟಿದ್ದು ಇದರಿಂದಲೇ.

ಆದರೆ ಈ ಕ್ರಿಯೆ ಕಾರ್ಖಾನೆಯಲ್ಲಿ, ಹದವಾಗಿ ಬಾಡಿಸಿದ ಮೇಲೆ ಆಗಬೇಕು. ತೋಟದಲ್ಲೇ ಶುರುವಾದರೆ ಎಲೆ ಕೆಟ್ಟಿತು. ಮುಷ್ಟಿಯಲ್ಲಿ ಬಿಗಿಯಾಗಿ ಹಿಸುಕಿದರೆ, ಚೀಲಕ್ಕೆ ತುಳಿದು ತುಂಬಿದರೆ, ಬಿಸಿಲಲ್ಲಿ ಬಿಟ್ಟರೆ ಎಲೆ ಅಲ್ಲೇ ಕೆಂಪಾಗತೊಡಗುತ್ತದೆ. ಗೊತ್ತುಹಚ್ಚುವುದು ಸುಲಭ. ಚೀಲದ ನಡುವಿಗೆ ಕೈ ಹಾಕಿದಾಗ ಬೆಚ್ಚಗಿದ್ದರೆ ಎಲೆ ಹಾಳಾಗುತ್ತಿದೆ ಎಂದರ್ಥ. ಅದಕ್ಕೇ ಚೀಲವನ್ನು ಸಡಿಲವಾಗಿ ತುಂಬಿ ನೆರಳಿನಲ್ಲಿಟ್ಟು, ಅಂದೇ ಕಾರ್ಖಾನೆಗೆ ಸಾಗಿಸುತ್ತಾರೆ.

ಕತ್ತರಿ ಬಂದಾಗ

ಆಳುಗಳ ಕೊರತೆಯಿಂದ ದಕ್ಷಿಣ ಭಾರತದ ಅನೇಕ ತೋಟಗಳಲ್ಲಿ ಕೈಯ ಜಾಗಕ್ಕೆ ದೊಡ್ಡ ಕತ್ತರಿ ಬಂದಿದೆ, ಎಂಜಿನ್‌ನಿಂದ ನಡೆಯುವ ಯಂತ್ರಗಳೂ ಬಂದಿವೆ. ಒಂದೇ ದಿನದಲ್ಲಿ ಹೆಚ್ಚು ಎಲೆ ಸಿಗುತ್ತದೆ. ಆದರೆ ಕತ್ತರಿಗೆ ಎಳತು, ಬಲಿತು ತಿಳಿಯದು. ಒಂದು ಎತ್ತರಕ್ಕೆ ಎಲ್ಲವನ್ನೂ ಕತ್ತರಿಸುತ್ತದೆ. ಅರ್ಧ ಸೀಳಿದ ಎಲೆ, ಗಟ್ಟಿ ಕಾಂಡ ಎಲ್ಲವೂ ಬರುತ್ತವೆ. ಹಾಗೆಂದು ಕತ್ತರಿಯೇ ಖಳನಾಯಕನಲ್ಲ. ಸರದಿ ತಪ್ಪದಂತೆ ಬಳಸಿದ ಕತ್ತರಿ, ಸರದಿ ತಪ್ಪಿ ಬಲಿತ ಎಲೆಯನ್ನು ಬಾಚುವ ಕೈಗಿಂತ ಒಳ್ಳೆಯ ಎಲೆ ಕೊಟ್ಟೀತು.

ಹಾಗಾದರೆ ಪೊಟ್ಟಣದ ಮೇಲಿನ ಸಾಲು? ‘ಕೈಯಿಂದ ಕಿತ್ತದ್ದು’ ಎಂಬುದು ಹೇಗೆ ಕಿತ್ತರು ಎಂದಷ್ಟೇ ಹೇಳುತ್ತದೆ, ಏನನ್ನು ಕಿತ್ತರು ಎಂದು ಹೇಳುವುದಿಲ್ಲ. ಅಲ್ಲದೆ ಮಾರುಕಟ್ಟೆಯ ಬಹುಪಾಲು ಪೊಟ್ಟಣಗಳಲ್ಲಿ ಇರುವುದು ಕೂನೂರು, ಕೊಯಮತ್ತೂರು, ಕೊಚ್ಚಿಯಂಥ ಹರಾಜು ಕೇಂದ್ರಗಳಲ್ಲಿ ಕೊಂಡು ಬೆರೆಸಿದ, ಹಲವು ತೋಟಗಳ ಚಹಾ. ಒಂದೇ ತೋಟದ ಹೆಸರಿನಲ್ಲಿ ಬರುವ ಪೊಟ್ಟಣವಾದರೆ ಎಲೆ ಎಲ್ಲಿಯದು ಎಂಬುದಾದರೂ ಖಚಿತ.

ಮನೆಯಲ್ಲೇ ಮಾಡಿ ನೋಡಿ

ಯಂತ್ರದಲ್ಲಿ ಹೊಸಕಿ, ಹರಿದು, ಗುಂಡಗೆ ಮಾಡಿದ ಸಿಟಿಸಿ ಪುಡಿಯಲ್ಲಿ ಎಲೆಯ ಆಕಾರ ಉಳಿದಿರುವುದಿಲ್ಲ. ಅದನ್ನು ಬಿಳಿ ಹಾಳೆಯ ಮೇಲೆ ಹರಡಿ. ಕಂದು ಬಣ್ಣದ ನಾರು, ಕಡ್ಡಿಚೂರುಗಳು ಹೆಚ್ಚಾಗಿ ಕಂಡರೆ ಬಲಿತ ಎಲೆ ಸೇರಿದೆ ಎಂದು ತಿಳಿಯಬಹುದು.

ಎಲೆಯನ್ನು ಸುರುಳಿಯಾಗಿ ಹೊಸೆದು ಒಣಗಿಸಿದ ‘ಆರ್ಥೊಡಾಕ್ಸ್’ ಚಹಾ ಸಿಕ್ಕರೆ ಪರೀಕ್ಷೆ ಇನ್ನೂ ಚೆನ್ನಾಗಿರುತ್ತದೆ. ಚೂರಾಗದ ದೊಡ್ಡ ಎಲೆಯದೇ ಆಗಲಿ. ಒಂದು ಚಮಚವನ್ನು ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು, ನೀರು ಬಸಿದು ತಟ್ಟೆಯಲ್ಲಿ ಹರಡಿ. ಸುರುಳಿ ಬಿಚ್ಚಿಕೊಂಡು ಎಲೆಗಳು ಮೊದಲಿನ ಆಕಾರಕ್ಕೆ ಬರುತ್ತವೆ. ಎಳೆಯ ಎಲೆ ಬೆರಳಿಗೆ ಮೆತ್ತಗಿರುತ್ತದೆ, ಬಲಿತದ್ದು ತೊಗಲಿನಂತೆ ಒರಟಾಗಿರುತ್ತದೆ. ಎಲೆಯ ನಡುವೆ ನೇರ ಗೆರೆ ಎಳೆದಂತೆ ಕತ್ತರಿಸಿದ ಗುರುತುಗಳೇ ಹೆಚ್ಚಿದ್ದರೆ ಕತ್ತರಿಯ ಕೆಲಸವಿರಬಹುದು. ಅದೃಷ್ಟವಿದ್ದರೆ, ಮುರಿದ ತೊಟ್ಟಿನ ಮೇಲೆ ಇನ್ನೂ ಒಟ್ಟಿಗೇ ಇರುವ ಎರಡೆಲೆ, ಒಂದು ಕುಡಿ ನಿಮ್ಮ ತಟ್ಟೆಯಲ್ಲಿ ಕಾಣಿಸುತ್ತದೆ.