ಕೀ ಕೇಳುವ ಮೊದಲು

ಎಪ್ಪತ್ತೈದು ದಾಟಿದ ಅಪ್ಪ ಇನ್ನೂ ಕಾರು ಓಡಿಸುತ್ತಿದ್ದರೆ, ಅವರ ಜೊತೆ ಮಾತಿಗೆ ಕೂರುವ ಮೊದಲು ಒಮ್ಮೆ ಕಾರಿನ ಸುತ್ತ ಬಂದು ನೋಡಿ. ಅದರಲ್ಲೂ ಎಡಬದಿ. ನಮ್ಮ ಕಾರುಗಳಲ್ಲಿ ಓಡಿಸುವವರು ಬಲಕ್ಕೆ ಕೂರುವುದರಿಂದ ಎಡಬದಿಯನ್ನು ಅಂದಾಜಿನ ಮೇಲೆಯೇ ದಾಟಿಸಬೇಕು. ಆ ಅಂದಾಜು ತಪ್ಪತೊಡಗಿದರೆ ಹಿಂಬಾಗಿಲ ಮೇಲೆ ಗೇಟಿನ ಕಂಬದ ಬಣ್ಣ ಅಂಟಿರುತ್ತದೆ, ಬಂಪರಿನ ಎಡಮೂಲೆ ಒಳಗೆ ಹೋಗಿರುತ್ತದೆ, ಎಡಗನ್ನಡಿ ಒಂದೆರಡು ಸಲ ಬದಲಾಗಿರುತ್ತದೆ. ಕೇಳಿದರೆ ಪ್ರತಿಯೊಂದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ. ನಿಲ್ಲಿಸಿದ್ದಾಗ ಯಾರೋ ತಗುಲಿಸಿ ಹೋದರು, ಆ ಆಟೋದವನು ಜಾಗವನ್ನೇ ಬಿಡಲಿಲ್ಲ.

ಅಪ್ಪ ಸುಳ್ಳು ಹೇಳುತ್ತಿದ್ದಾರೆ ಎಂದುಕೊಳ್ಳಬೇಕಾಗಿಲ್ಲ. ತಾನು ನಿಧಾನವಾಗಿದ್ದೇನೆ ಎಂದು ಒಳಗಿನಿಂದ ಯಾರಿಗೂ ಅನ್ನಿಸುವುದಿಲ್ಲ. ಬೇರೆಯವರೆಲ್ಲ ನುಗ್ಗುತ್ತಿದ್ದಾರೆ ಅನ್ನಿಸುತ್ತದೆ. ನಮ್ಮ ರಸ್ತೆಗಳಲ್ಲಿ ಅದೂ ಅರ್ಧ ನಿಜವೇ ಆಗಿರುವುದರಿಂದ ಈ ವಾದದಲ್ಲಿ ಮಕ್ಕಳು ಗೆಲ್ಲುವುದು ಕಷ್ಟ.

ನನಗೆ ಗೊತ್ತಿರುವ ಮೈಸೂರಿನ ಒಂದು ಮನೆಯಲ್ಲಿ ಇದು ನಡೆದ ರೀತಿಯನ್ನು ಹೇಳುತ್ತೇನೆ. ಅಪ್ಪ ನಿವೃತ್ತ ಎಂಜಿನಿಯರ್, ವಯಸ್ಸು 78. ಮಗಳು ಅದೇ ಊರಿನಲ್ಲಿ, ಮಗ ಬೆಂಗಳೂರಿನಲ್ಲಿ. ಸರ್ಕಲ್ಲಿನಲ್ಲಿ ಬಲಕ್ಕೆ ತಿರುಗುವಾಗ ಎದುರಿನಿಂದ ಬಂದ ಸ್ಕೂಟರು ಕೂದಲೆಳೆಯಲ್ಲಿ ತಪ್ಪಿಸಿಕೊಂಡಿತು. ‘ನಾನು ನೋಡಿದ್ದೆ, ಯಾರೂ ಇರಲಿಲ್ಲ’ ಎಂದರು. ಕೆಲವು ವಾರಗಳ ನಂತರ ಕಲ್ಯಾಣಮಂಟಪದ ಪಾರ್ಕಿಂಗಿನಲ್ಲಿ ನಿಲ್ಲಬೇಕಾದ ಕಾರು ಮುಂದಕ್ಕೆ ನೆಗೆದು ಗೋಡೆಗೆ ಗುದ್ದಿತು. ‘ಬ್ರೇಕ್ ಹಿಡೀಲಿಲ್ಲ’ ಎಂದರು. ಮೆಕ್ಯಾನಿಕ್ ನೋಡಿದರೆ ಬ್ರೇಕಿನಲ್ಲಿ ಯಾವ ದೋಷವೂ ಇರಲಿಲ್ಲ.

ಈ ಎರಡು ಘಟನೆಗಳು ಒಂದೇ ಜಾತಿಯವಲ್ಲ, ಎರಡನೆಯದು ಹೆಚ್ಚು ಗಂಭೀರ. ಬ್ರೇಕ್ ಸರಿಯಿದ್ದೂ ಹಿಡಿಯಲಿಲ್ಲ ಎಂದರೆ ಕಾಲು ಇದ್ದದ್ದು ಬಹುಮಟ್ಟಿಗೆ ಆಕ್ಸಿಲರೇಟರ್ ಮೇಲೆ. ಗಾಬರಿಯಲ್ಲಿ ‘ಬ್ರೇಕ್’ ಎಂದುಕೊಂಡೇ ಇನ್ನಷ್ಟು ಒತ್ತುತ್ತಾರೆ. 2019ರ ಏಪ್ರಿಲ್‌ನಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ 87 ವರ್ಷದ ಚಾಲಕರೊಬ್ಬರ ಕಾರು ಹೀಗೆಯೇ ನುಗ್ಗಿ ಒಬ್ಬ ತಾಯಿಯನ್ನೂ ಆಕೆಯ ಮೂರು ವರ್ಷದ ಮಗಳನ್ನೂ ಕೊಂದಿತು. ಕಾರಿನದೇ ದೋಷ ಎಂದು ಅವರು ವಾದಿಸಿದರು, ನ್ಯಾಯಾಲಯ ಒಪ್ಪಲಿಲ್ಲ. ಇಂಥ ಗೊಂದಲ ಒಮ್ಮೆ ಕಂಡರೂ ‘ನಿಧಾನವಾಗಿ ಬಿಡಿಸೋಣ’ ಎಂದು ಕಾಯಬಾರದು. ಡಾಕ್ಟರ್ ನೋಡುವ ತನಕ ಕಾರು ಮನೆಯಲ್ಲೇ ಇರಬೇಕು.

ಮೊದಲನೆಯದು, ಬಲತಿರುವಿನದು, ವಯಸ್ಸಾದ ಚಾಲಕರ ಮಾದರಿ ಅಪಘಾತ. ನೇರ ರಸ್ತೆಯಲ್ಲಿ ಅವರು ಚೆನ್ನಾಗಿಯೇ ಓಡಿಸುತ್ತಾರೆ, ಹಲವು ಯುವಕರಿಗಿಂತ ಶಿಸ್ತಾಗಿ. ಸರ್ಕಲ್ಲಿನಲ್ಲಿ ಮಾತ್ರ ಎದುರಿನ ಬಸ್ಸಿನ ವೇಗ, ಎಡದಿಂದ ನುಸುಳುವ ಬೈಕು, ರಸ್ತೆ ದಾಟುತ್ತಿರುವವರು ಎಲ್ಲವನ್ನೂ ಒಟ್ಟಿಗೆ ಅಳೆದು ಹೋಗುವುದೋ ನಿಲ್ಲುವುದೋ ಎಂದು ತೀರ್ಮಾನಿಸಬೇಕು. ವಯಸ್ಸಿನ ಜೊತೆ ನಿಧಾನವಾಗುವುದು ಕಾಲಿಗಿಂತ ಹೆಚ್ಚಾಗಿ ಈ ತೀರ್ಮಾನ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಬ್ರೇಕಿನ ಮೇಲೆ ಕಾಲಿಡಲು ಒಂದೇ ಒಂದು ಸೆಕೆಂಡ್ ಹೆಚ್ಚು ಹಿಡಿದರೂ ಮೂರು ಚಿಕ್ಕ ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೂರ ಮುಂದೆ ಹೋಗಿ ಬಿಟ್ಟಿರುತ್ತೇವೆ. ಕುತ್ತಿಗೆಯ ಸಂಧಿವಾತದಿಂದ ತಲೆ ಪೂರ್ತಿ ತಿರುಗದಿದ್ದರೆ ಪಕ್ಕದಿಂದ ಬರುವುದು ಕಾಣುವುದೇ ಇಲ್ಲ.

ಮಗಳು ಮಾಡಿದ ಒಳ್ಳೆಯ ಕೆಲಸವೆಂದರೆ ತಕ್ಷಣ ಜಗಳಕ್ಕೆ ಇಳಿಯದೆ, ಏನೋ ನೆಪ ಮಾಡಿಕೊಂಡು ಅಪ್ಪನ ಜೊತೆ ಕಾರಿನಲ್ಲಿ ಕೂತದ್ದು. ಅದೂ ಹಿಂದಿನ ಸೀಟಿನಲ್ಲಿ. ಆಗ ಅವಳಿಗೆ ಕಂಡದ್ದು ಅಪ್ಪನಿಗಿಂತ ಹೆಚ್ಚಾಗಿ ಅಮ್ಮ. ‘ಎಡಕ್ಕೆ ಸ್ಕೂಟರು’, ‘ರೀ, ಹಂಪ್ ಇದೆ’, ‘ಸಿಗ್ನಲ್ ಕೆಂಪಾಯ್ತು’ ಎಂದು ಮುಂದೆ ಕೂತ ಅಮ್ಮ ಹೇಳುತ್ತಲೇ ಇದ್ದರು. ಎರಡು ವರ್ಷದಿಂದ ಆ ಕಾರನ್ನು ಇಬ್ಬರು ಸೇರಿ ಓಡಿಸುತ್ತಿದ್ದರು, ಅದು ಇಬ್ಬರಿಗೂ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲೂ ಇದೊಂದನ್ನು ಗಮನಿಸಿ. ಅಮ್ಮ ಜೊತೆಗಿಲ್ಲದ ದಿನ ಅಪ್ಪ ಹೇಗೆ ಓಡಿಸುತ್ತಾರೆ ಎನ್ನುವುದೇ ನಿಜವಾದ ಅಳತೆ. ಮೊಮ್ಮಗುವನ್ನು ಅಪ್ಪನ ಜೊತೆ ಒಂಟಿಯಾಗಿ ಕಾರಿನಲ್ಲಿ ಕಳಿಸುತ್ತೀರಾ ಎಂದು ನಿಮ್ಮನ್ನೇ ಕೇಳಿಕೊಂಡರೂ ಸಾಕು, ಉತ್ತರ ಸಿಗುತ್ತದೆ.

ಇನ್ನು ಡಾಕ್ಟರ್. ಅವರ ಬಳಿ ಹೋಗುವುದು ‘ನಿಲ್ಲಿಸಿ’ ಎಂದು ಹೇಳಿಸಲಿಕ್ಕೆ ಮಾತ್ರ ಅಲ್ಲ, ಸರಿಮಾಡಬಹುದಾದದ್ದು ಏನಾದರೂ ಇದೆಯೇ ಎಂದು ನೋಡಲಿಕ್ಕೆ. ಕಣ್ಣಿನ ಪೊರೆ ಇದ್ದರೆ ಎದುರಿನ ಹೆಡ್‌ಲೈಟು ಒಡೆದು ಹರಡಿ ರಾತ್ರಿ ರಸ್ತೆಯೇ ಕಾಣುವುದಿಲ್ಲ; ಆಪರೇಷನ್ ಆದರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ. ಗ್ಲಾಕೋಮಾ ಕಣ್ಣಿನ ಅಂಚಿನ ನೋಟವನ್ನು ಸದ್ದಿಲ್ಲದೆ ತಿನ್ನುತ್ತದೆ, ಎದುರಿನ ಅಕ್ಷರ ಓದಲು ಏನೂ ತೊಂದರೆ ಇಲ್ಲದಿರುವುದರಿಂದ ರೋಗಿಗೆ ಗೊತ್ತೇ ಆಗುವುದಿಲ್ಲ. ನಿದ್ದೆ ಮಾತ್ರೆ, ನೆಗಡಿಗೆಂದು ಮೆಡಿಕಲ್ ಸ್ಟೋರಿನಲ್ಲಿ ತಾವೇ ಕೊಳ್ಳುವ ಮಾತ್ರೆ ಮಾರನೆಯ ದಿನವೂ ಮಂಕು ಹಿಡಿಸಬಲ್ಲವು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ, ತಿಂಡಿ ತಡಮಾಡಿ ಕಾರು ಹತ್ತಿದರೆ ಸಕ್ಕರೆ ದಿಢೀರನೆ ಇಳಿಯಬಹುದು. ಆದ್ದರಿಂದ ಮಾತ್ರೆಗಳ ಇಡೀ ಡಬ್ಬಿಯನ್ನೇ ತೆಗೆದುಕೊಂಡು ಹೋಗಬೇಕು.

ಈ ಅಪ್ಪನಿಗೆ ಎರಡೂ ಕಣ್ಣಿನಲ್ಲಿ ಪೊರೆ ಇತ್ತು, ತೆಗೆಸಿದರು. ಅದಾದ ಮೇಲೂ ಸರ್ಕಲ್ಲುಗಳಲ್ಲಿ ತಡವರಿಕೆ ಹೋಗಲಿಲ್ಲ. ಆಗ ಡಾಕ್ಟರ್ ಒಂದು ಹಾಳೆ ಕೊಟ್ಟರು. ಹಾಳೆಯ ತುಂಬ ಚದುರಿದ ಅಂಕಿಗಳು ಮತ್ತು ಅಕ್ಷರಗಳು. 1ರಿಂದ ‘ಎ’ಗೆ, ಅಲ್ಲಿಂದ 2ಕ್ಕೆ, ಮತ್ತೆ ‘ಬಿ’ಗೆ ಎಂದು ಬದಲಿಸುತ್ತ ಗೆರೆ ಎಳೆದು ಸೇರಿಸಬೇಕು. ಎರಡು ಸಾಲುಗಳನ್ನು ಒಟ್ಟಿಗೆ ತಲೆಯಲ್ಲಿ ಹಿಡಿದು ಕಣ್ಣಿನಿಂದ ಹುಡುಕಬೇಕಾದ್ದರಿಂದ ಇದು ಸರ್ಕಲ್ಲಿನ ಕೆಲಸಕ್ಕೆ ಹತ್ತಿರದ ಪರೀಕ್ಷೆ. ಮೂರು ನಿಮಿಷ ದಾಟಿದರೆ ಚಾಲನೆಯ ಬಗ್ಗೆ ಯೋಚಿಸಬೇಕು ಎಂಬುದು ವೈದ್ಯರು ಬಳಸುವ ಒಂದು ಗಡಿ. ಎಂಜಿನಿಯರಿಗೆ ನಾಲ್ಕು ನಿಮಿಷವಾಯಿತು. ಒಂದು ಹಾಳೆಯಿಂದಲೇ ಎಲ್ಲ ನಿರ್ಧಾರವಾಗುವುದಿಲ್ಲ ಎಂದು ಡಾಕ್ಟರೂ ಹೇಳಿದರು. ಆದರೆ ಗಡಿಯಾರ ನೋಡಿದ್ದು ಸ್ವತಃ ಅಪ್ಪ. ಮಕ್ಕಳ ಮಾತು ಎಷ್ಟೆಂದರೂ ಮಕ್ಕಳ ಮಾತು, ಅಳತೆಯ ಜೊತೆ ಅವರು ಜಗಳವಾಡುವವರಲ್ಲ. ಡಾಕ್ಟರು ‘ಸದ್ಯಕ್ಕೆ ಕಾರು ಓಡಿಸಬೇಡಿ’ ಎಂದು ಚೀಟಿಯಲ್ಲೇ ಬರೆದುಕೊಟ್ಟರು. ಬರೆದದ್ದಕ್ಕೆ ಇನ್ನೊಂದು ಉಪಯೋಗವೂ ಆಯಿತು: ಗೆಳೆಯರು ಕೇಳಿದಾಗ ‘ಡಾಕ್ಟರ್ ಬೇಡ ಅಂದಿದ್ದಾರೆ’ ಎನ್ನಬಹುದು. ‘ಮಕ್ಕಳು ಬಿಡಲ್ಲ’ ಎನ್ನುವುದಕ್ಕಿಂತ ಅದರಲ್ಲಿ ಮರ್ಯಾದೆ ಉಳಿಯುತ್ತದೆ.

ಕಾನೂನು ಈ ಕೆಲಸ ಮಾಡಿಕೊಡುತ್ತದೆ ಎಂದು ಕಾಯುವಂತಿಲ್ಲ. ನಮ್ಮಲ್ಲಿ ಸ್ವಂತ ವಾಹನ ಓಡಿಸಲು ಗರಿಷ್ಠ ವಯಸ್ಸೇ ಇಲ್ಲ. 2019ರ ತಿದ್ದುಪಡಿಯ ನಂತರ 55 ದಾಟಿದವರ ಲೈಸೆನ್ಸನ್ನು ಐದೈದು ವರ್ಷಕ್ಕೆ ನವೀಕರಿಸುತ್ತಾರೆ, ಫಾರಂ 1ಎ ಎಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕುವಾಗ ಎಷ್ಟು ಜನ ನಿಜವಾಗಿ ಕಣ್ಣು ನೋಡುತ್ತಾರೆ ಎನ್ನುವುದು ಓದುಗರಿಗೇ ಗೊತ್ತು. 75ಕ್ಕೆ ನವೀಕರಿಸಿದ್ದ ಈ ಅಪ್ಪನ ಲೈಸೆನ್ಸು 80ರ ತನಕ ಚಾಲ್ತಿಯಲ್ಲಿತ್ತು. ‘ಸರ್ಕಾರವೇ ಕೊಟ್ಟಿದೆಯಲ್ಲಮ್ಮ’ ಎಂಬ ಅವರ ಮಾತಿಗೆ ಮಗಳ ಬಳಿ ಉತ್ತರವಿರಲಿಲ್ಲ. ಜಪಾನಿನಲ್ಲಿ 75 ದಾಟಿದವರು ನವೀಕರಣಕ್ಕೆ ನೆನಪು-ಗ್ರಹಿಕೆಯ ಪರೀಕ್ಷೆ ಕೊಡಬೇಕು. ತಾವಾಗಿ ಲೈಸೆನ್ಸ್ ಮರಳಿಸಿದವರು ಇಷ್ಟು ವರ್ಷ ವಾಹನ ಓಡಿಸಿದ್ದಕ್ಕೆ ಒಂದು ಗುರುತಿನ ಪತ್ರ ಪಡೆಯಬಹುದು, ಅದನ್ನು ತೋರಿಸಿದರೆ ಹಲವೆಡೆ ಬಸ್ಸು, ಟ್ಯಾಕ್ಸಿಯಲ್ಲಿ ರಿಯಾಯಿತಿ. ಕಿತ್ತುಕೊಳ್ಳುವುದರ ಬದಲು ಏನನ್ನೋ ಕೊಡುವ ಆ ಜಾಣತನ ನನಗೆ ಹಿಡಿಸಿತು.

ಮನೆಯಲ್ಲಿ ಮಾತು ಹಾಳಾಗುವುದು ಸಾಮಾನ್ಯವಾಗಿ ಮೊದಲ ಸಂಜೆಯೇ. ಮಗ ಬೆಂಗಳೂರಿನಿಂದ ಬಂದು, ಭಾವ, ಸೊಸೆ ಎಲ್ಲರೂ ಸುತ್ತ ಕೂತು ಹೇಳಿದರೆ ಅದು ಪಂಚಾಯ್ತಿ ಆಗುತ್ತದೆ. ಇಲ್ಲೂ ಮಗ ಫೋನಿನಲ್ಲಿ ‘ವಯಸ್ಸಾಯ್ತಲ್ಲಪ್ಪಾ’ ಎಂದುಬಿಟ್ಟ. ‘ನಿನಗೆ ಡ್ರೈವಿಂಗ್ ಕಲಿಸಿದ್ದು ಯಾರೋ?’ ಎಂದು ಫೋನ್ ಇಟ್ಟರು, ಒಂದು ತಿಂಗಳು ಆ ವಿಷಯ ಎತ್ತುವ ಹಾಗಿರಲಿಲ್ಲ. ಮಗಳು ವಯಸ್ಸಿನ ಸುದ್ದಿಗೇ ಹೋಗಲಿಲ್ಲ. ಬೆಳಗಿನ ಕಾಫಿಯ ಹೊತ್ತು, ಇಬ್ಬರೇ ಇದ್ದಾಗ, ಒಂದೇ ಘಟನೆ ಹಿಡಿದು ಮಾತಾಡಿದಳು.

‘ಅಪ್ಪಾ, ಆ ಸ್ಕೂಟರಲ್ಲಿ ಒಂದು ಮಗು ಮುಂದೆ ನಿಂತಿತ್ತು. ನೀವು ನೋಡಿದ್ರಾ?’

‘ಮಗು ಇತ್ತಾ?’

‘ಇತ್ತು.’

ಅವರು ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕೇಳಿದ್ದು ‘ಹಾಗಾದರೆ ನಂಜನಗೂಡಿಗೆ ಹೋಗೋದು ಹ್ಯಾಗೆ?’

ಈ ಪ್ರಶ್ನೆಗೆ ಉತ್ತರ ಸಿದ್ಧವಿಲ್ಲದೆ ಯಾರೂ ಕೀ ಕೇಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಪ್ಪ ಬಿಡಬೇಕಾಗಿರುವುದು ಬರೀ ಸ್ಟೀರಿಂಗನ್ನಲ್ಲ, ಯಾರನ್ನೂ ಕೇಳದೆ ಹೊರಡುವ ಸ್ವಾತಂತ್ರ್ಯವನ್ನು. ಮಗಳು ಒಂದು ತಿಂಗಳ ಓಡಾಟವನ್ನೆಲ್ಲ ಅಪ್ಪನ ಕೈಯಲ್ಲೇ ಬರೆಸಿದಳು. ದಿನದ ತರಕಾರಿ, ಬ್ಯಾಂಕು, ಭಾನುವಾರದ ಗೆಳೆಯರ ಕೂಟ, ಅಮ್ಮನ ಆಸ್ಪತ್ರೆ, ಹುಣ್ಣಿಮೆಗೆ ನಂಜನಗೂಡು, ಆಗಾಗ ಕೆ.ಆರ್. ನಗರದ ಹತ್ತಿರದ ಜಮೀನು, ರಾತ್ರಿಯ ರಿಸೆಪ್ಷನ್‌ಗಳು. ತರಕಾರಿಗೆ ನಡೆದೇ ಹೋಗಬಹುದಿತ್ತು. ಬ್ಯಾಂಕಿಗೂ ಗೆಳೆಯರ ಕೂಟಕ್ಕೂ ಬೀದಿ ತುದಿಯ ಸ್ಟ್ಯಾಂಡಿನ ಒಬ್ಬ ಆಟೋದವರನ್ನು ಗೊತ್ತುಮಾಡಿ, ಫೋನ್ ಮಾಡಿದರೆ ಬರುವಂತೆ, ಲೆಕ್ಕ ತಿಂಗಳಿಗೊಮ್ಮೆ ಎಂದು ಮಾತಾಡಿದರು. ಆ್ಯಪಿನ ಗೋಜಿಗೆ ಹೋಗಲಿಲ್ಲ. ನಂಜನಗೂಡು, ಜಮೀನು, ಆಸ್ಪತ್ರೆಗೆ ಅದೇ ಕಾರು, ಆಕ್ಟಿಂಗ್ ಡ್ರೈವರ್.

ಖರ್ಚಿನ ಮಾತು ಬಂದಾಗ ಎಂಜಿನಿಯರೇ ಲೆಕ್ಕ ಹಾಕಿದರು. ವರ್ಷಕ್ಕೆ ಇನ್ಶೂರೆನ್ಸ್ 9,000, ಸರ್ವಿಸ್ 8,000, ಪೆಟ್ರೋಲ್ 36,000. ಗೀರು, ಗುದ್ದಿದ ಪೇಂಟಿಂಗಿನ ಬಿಲ್ಲು ಬೇರೆ. ಆಟೋಗೂ ಡ್ರೈವರಿಗೂ ಸೇರಿ ಅಷ್ಟೇನೂ ಹೆಚ್ಚಾಗುವುದಿಲ್ಲ ಎಂದು ಅವರಿಗೇ ಕಂಡಿತು. ಕಾರು ಮಾರಲಿಲ್ಲ, ಕೀ ಮಾತ್ರ ಮಗಳ ಮನೆಯಲ್ಲಿ. ಮಾರಿಬಿಡುವುದು ಒಳ್ಳೆಯದು ಎನ್ನುವವರೂ ಇದ್ದಾರೆ. ಕೀ ಕೈಗೆ ಸಿಕ್ಕರೆ ತಡೆದುಕೊಳ್ಳಲಾಗದವರ ಮನೆಯಲ್ಲಿ ಅದೇ ಸರಿ.

ಇವೆಲ್ಲ ನಡೆಯುವುದು ಅಪ್ಪ ಮಾತು ನೆನಪಿಟ್ಟುಕೊಳ್ಳುವ ಸ್ಥಿತಿಯಲ್ಲಿದ್ದರೆ ಮಾತ್ರ. ಗೊತ್ತಿರುವ ದಾರಿಯೇ ತಪ್ಪುತ್ತಿದೆ, ನಿನ್ನೆ ಒಪ್ಪಿದ್ದು ಇವತ್ತು ನೆನಪಿಲ್ಲ ಎಂದಾದರೆ ಅದು ಮರೆವಿನ ಕಾಯಿಲೆ ಇರಬಹುದು. ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ದಿನಾ ಹೊಸ ಜಗಳವಾಗುತ್ತದೆ ಅಷ್ಟೆ. ಕಾರನ್ನು ಕಣ್ಣಿಗೆ ಬೀಳದ ಕಡೆ ನಿಲ್ಲಿಸಿ, ‘ಸರ್ವಿಸ್‌ಗೆ ಹೋಗಿದೆ’ ಎಂದರೆ ಅದು ಮೋಸ ಎಂದು ಮಕ್ಕಳು ನೊಂದುಕೊಳ್ಳಬೇಕಾಗಿಲ್ಲ.

ಕಾರು ಬಿಡಿಸಿದ ಸಮಾಧಾನದಲ್ಲಿ ಅನೇಕರು ಮರೆಯುವುದು ಶೆಡ್ಡಿನ ಮೂಲೆಯ ಹಳೆಯ ಸ್ಕೂಟರನ್ನು. ‘ಇಲ್ಲೇ ಹಾಲಿನ ಬೂತಿಗೆ’ ಎಂದು ಅಪ್ಪ ಅದನ್ನು ಹೊರಗೆ ತೆಗೆಯುತ್ತಾರೆ. ಅದೇ ಕಣ್ಣು, ಅದೇ ತೀರ್ಮಾನ, ಜೊತೆಗೆ ಸಮತೋಲನದ ಕೆಲಸ ಬೇರೆ. ಕಾರಿಗಾದರೆ ಸುತ್ತ ತಗಡಾದರೂ ಇತ್ತು. ಎಪ್ಪತ್ತೆಂಟರಲ್ಲಿ ಸ್ಕೂಟರಿನಿಂದ ಬಿದ್ದು ಸೊಂಟದ ಮೂಳೆ ಮುರಿದವರು ಮತ್ತೆ ಮೊದಲಿನಂತೆ ನಡೆಯುವುದು ಕಷ್ಟ. ಈ ಮನೆಯಲ್ಲಿ ಕಾರಿನ ಮಾತು ಮುಗಿದ ವಾರವೇ ಸ್ಕೂಟರನ್ನು ಮಗಳ ಮಗ ಕಾಲೇಜಿಗೆಂದು ತೆಗೆದುಕೊಂಡು ಹೋದ. ಅದನ್ನು ಕೊಡುವುದಕ್ಕೆ ಮಾತ್ರ ಅಪ್ಪ ಒಂದು ಷರತ್ತು ಹಾಕಿದರು: ಹೆಲ್ಮೆಟ್ಟು ತಾನೇ ಆರಿಸಿ ಕೊಡಿಸುವುದು.