ಮಾಯೆ ಇರುವುದು ಕೂದಲಂಚಿನಲ್ಲಿ

ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊಡ್ಡವರ ಫೋಟೊವನ್ನು ಅಲ್ಲೇ ತೆಗೆಯುತ್ತಾರೆ. ನಾಲ್ಕು ವರ್ಷದೊಳಗಿನ ಮಕ್ಕಳದ್ದನ್ನು ಮಾತ್ರ ನಾವೇ ಒಯ್ಯಬೇಕು: 3.5 x 4.5 ಸೆಂ.ಮೀ. ಅಳತೆ, ಬಿಳಿ ಹಿನ್ನೆಲೆ. ಕೂಸು ಅಪರೂಪಕ್ಕೆ ಕ್ಯಾಮೆರಾವನ್ನೇ ನೆಟ್ಟಗೆ ನೋಡಿದ ಚಿತ್ರವೊಂದು ಸಿಕ್ಕಿದೆ, ಆದರೆ ಹಿಂದೆ ನೀಲಿ ಗೋಡೆ, ಬೀರುವಿನ ಮೂಲೆ ಎಂದುಕೊಳ್ಳಿ. ಉಚಿತವಾಗಿ ಸಿಗುವ ಜಿಂಪ್ ತಂತ್ರಾಂಶದಲ್ಲಿ ಇದನ್ನು ಬಿಳಿ ಮಾಡಬಹುದು.

ಎಲ್ಲರೂ ಮೊದಲು ಕೈಹಾಕುವುದು ಅಳಿಸುವ ರಬ್ಬರಿಗೆ. ಅದು ಬೇಡ. ಅಳಿಸಿದ್ದು ಹೋಯಿತೆಂದರೆ ಹೋಯಿತು. ಕಿವಿಯ ತುದಿಯೂ ಜೊತೆಗೇ ಹೋಗಿದ್ದು ಅರ್ಧ ಗಂಟೆಯ ನಂತರ ಕಣ್ಣಿಗೆ ಬೀಳುತ್ತದೆ. ಬದಲಿಗೆ ಫೋಟೊದ ಪದರಕ್ಕೆ `Add Layer Mask` ಮೂಲಕ ಬಿಳಿ ಮಾಸ್ಕ್ ಹಾಕಿ, ಅದರ ಕೆಳಗೆ `ffffff` ಬಣ್ಣದ ಪದರ ಇಡಿ. ಮಾಸ್ಕ್ ಮೇಲೆ ಕಪ್ಪು ಬಳಿದಲ್ಲಿ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮರಳಿ ಬರುತ್ತದೆ, ಬೂದು ಬಳಿದರೆ ಅರ್ಧ ಕಾಣುತ್ತದೆ. `Free Select` ಉಪಕರಣದಿಂದ ತಲೆ, ಭುಜಗಳ ಸುತ್ತ ಗೆರೆ ಎಳೆದು, ಒಂದೆರಡು ಪಿಕ್ಸೆಲ್‌ನಷ್ಟು `Feather edges` ಕೊಟ್ಟು, `Select > Invert` ಮಾಡಿ ಮಾಸ್ಕ್‌ಗೆ ಕಪ್ಪು ತುಂಬಿದರೆ ಗೋಡೆ, ಬೀರು ಎರಡೂ ಮಾಯ.

ಭುಜದ ಕೆಲಸ ಇಲ್ಲಿಗೇ ಮುಗಿಯುತ್ತದೆ. ತಲೆಯದು ಮುಗಿಯುವುದಿಲ್ಲ. ಕೂಸಿನ ಕೂದಲೆಳೆ ಒಂದು ಪಿಕ್ಸೆಲ್‌ಗಿಂತ ತೆಳು. ಹಾಗಾಗಿ ಅಂಚಿನ ಪಿಕ್ಸೆಲ್‌ನಲ್ಲಿ ಕೂದಲಿನ ಕಪ್ಪೂ ಗೋಡೆಯ ನೀಲಿಯೂ ಬೆರೆತಿರುತ್ತವೆ. ಒಳಸರಿದು ಕತ್ತರಿಸಿದರೆ ತಲೆ ಬೊಂಬೆಯದರಂತೆ ನುಣ್ಣಗಾಗುತ್ತದೆ, ಹೊರಗೆ ಬಿಟ್ಟರೆ ನೀಲಿ ಅಂಚು ಉಳಿಯುತ್ತದೆ. ಮೆದು ಅಂಚಿನ ಬ್ರಷ್ಷಿನ `Opacity` 30ಕ್ಕೆ ಇಳಿಸಿ, ಕೂದಲಂಚಿನ ಮಾಸ್ಕ್ ಮೇಲೆ ಕಪ್ಪನ್ನು ತೆಳುವಾಗಿ ಒಂದೆರಡು ಸಲ ಸವರಿ. ನೀಲಿ ಇನ್ನೂ ಉಳಿದಿದ್ದರೆ ಮಾಸ್ಕ್ ಬಿಟ್ಟು ಫೋಟೊವನ್ನೇ ಆರಿಸಿಕೊಳ್ಳಿ. ಕೂದಲಿನ ಬಣ್ಣ ಹೆಕ್ಕಿ, ಬ್ರಷ್ಷಿನ `Mode` ಅನ್ನು `HSL Color` ಮಾಡಿ ಅಂಚಿಗೆ ಬಳಿಯಿರಿ. ಬೆಳಕು ನೆರಳು ಹಾಗೇ ಉಳಿದು ನೀಲಿಯಷ್ಟೇ ಹೋಗುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ಬಿಳಿಯ ಮೇಲೆ ನೋಡಿ ತೀರ್ಮಾನಿಸಬೇಡಿ. ಗೋಡೆಯ ಮಸುಕು ಚೂರುಗಳು ಅಲ್ಲಿ ಅಡಗಿ ಕುಳಿತಿರುತ್ತವೆ. ಕೆಳಗಿನ ಪದರಕ್ಕೆ ತಾತ್ಕಾಲಿಕವಾಗಿ ಕಡುಗೆಂಪು ತುಂಬಿ ನೋಡಿದರೆ ಒಂದೊಂದೂ ಎದ್ದು ಕಾಣುತ್ತದೆ. ಒರೆಸಿದ ಮೇಲೆ ಮತ್ತೆ ಬಿಳಿ ಮಾಡಿ, ಜೆಪೆಗ್ ಆಗಿ ಹೊರತೆಗೆಯಿರಿ. ಗುಣಮಟ್ಟ ತೀರಾ ಇಳಿಸಿದರೆ ತಲೆಯ ಸುತ್ತ ಕೊಳೆಯಂತಹ ಚುಕ್ಕೆಗಳು ಮೂಡುತ್ತವೆ.

ಕೂಸು ಬಿಳಿ ಅಂಗಿ ತೊಟ್ಟಿದ್ದರೆ ಈ ಶ್ರಮವೆಲ್ಲ ದಂಡ. ಭುಜ ಹಿನ್ನೆಲೆಯಲ್ಲೇ ಕರಗುತ್ತದೆ. ಇನ್ನು ಅಮೆರಿಕದ ಪಾಸ್‌ಪೋರ್ಟಿಗೆ ಈ ಉಪಾಯ ನಡೆಯುವುದೇ ಇಲ್ಲ. ತಂತ್ರಾಂಶದಿಂದ ತಿದ್ದಿದ ಫೋಟೊ ಕೊಡಬಾರದೆಂದು ಅಲ್ಲಿನ ವಿದೇಶಾಂಗ ಇಲಾಖೆ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲಿ ಅರ್ಜಿ ಹಾಕುವವರು ಕೂಸನ್ನು ಸುಕ್ಕಿಲ್ಲದ ಬಿಳಿ ಬೆಡ್‌ಶೀಟಿನ ಮೇಲೆ ಮಲಗಿಸಿ, ನಿಮ್ಮ ನೆರಳು ಮುಖದ ಮೇಲೆ ಬೀಳದಂತೆ ಮೇಲಿನಿಂದ ಫೋಟೊ ತೆಗೆಯಿರಿ.