ಮನೆಯಲ್ಲೇ ಪಾರ್ಲರ್: ಕುರ್ಚಿ ತರುವ ಮೊದಲು ರಸ್ತೆ ಅಳೆಯಿರಿ

ಬ್ಯೂಟಿಷಿಯನ್ ಕೋರ್ಸ್ ಮುಗಿಸಿದ ಅನೇಕ ಹೆಣ್ಣುಮಕ್ಕಳು ಮನೆಯ ಮುಂದಿನ ಕೋಣೆಯಲ್ಲೇ ಪಾರ್ಲರ್ ತೆರೆಯುತ್ತಾರೆ. ಮೊದಲು ಕನ್ನಡಿ, ಕುರ್ಚಿ, ಬೋರ್ಡು. ಲೈಸೆನ್ಸಿನ ನೆನಪಾಗುವುದು ಯಾರೋ ದೂರು ಕೊಟ್ಟಾಗ. ಈ ಕ್ರಮ ತಿರುವುಮುರುವಾಗಬೇಕು.

ನಮ್ಮ ನಗರಗಳಲ್ಲಿ ಪಾರ್ಲರಿಗೆ ಬೇಕಾದ ಮುಖ್ಯ ಕಾಗದ ಉದ್ದಿಮೆ ಪರವಾನಗಿ, ಅಂದರೆ ಟ್ರೇಡ್ ಲೈಸೆನ್ಸ್. ಬೆಂಗಳೂರಿನಲ್ಲಿ ಇದನ್ನು ಕೊಡುವುದು ಪಾಲಿಕೆಯ ಆರೋಗ್ಯ ವಿಭಾಗವೇ. ಹಾಗಾಗಿ ಸ್ವಚ್ಛತೆಯ ತಪಾಸಣೆಯೂ ಇದರೊಳಗೇ ಸೇರಿದೆ. ಪರವಾನಗಿಯ ವರ್ಷ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ನವೀಕರಿಸದಿದ್ದರೆ ದಂಡ ಬೀಳುತ್ತದೆ.

ಒಂದು ಉದಾಹರಣೆ ನೋಡೋಣ. 30x40 ಸೈಟಿನ ಬಾಡಿಗೆ ಮನೆ, ನೆಲಮಹಡಿಯಲ್ಲಿ 10x12 ಅಡಿಯ ಕೋಣೆ, ಮುಂದೆ 30 ಅಡಿ ರಸ್ತೆ. ಕೋಣೆ ಎಷ್ಟೇ ಚೊಕ್ಕಟವಾಗಿರಲಿ, ತೊಡಕು ರಸ್ತೆಯದು. ವಸತಿ ಬಡಾವಣೆಯಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯ ಅಂಗಡಿ-ಮುಂಗಟ್ಟುಗಳಿಗೆ ಬೆಂಗಳೂರಿನ ಪಾಲಿಕೆ ಪರವಾನಗಿ ನಿರಾಕರಿಸಿದ್ದುಂಟು. ಆದ್ದರಿಂದ ಈ ಮನೆಯವರು ಆಸ್ತಿ ತೆರಿಗೆ ರಸೀದಿ ಹಿಡಿದು ಆರೋಗ್ಯ ವಿಭಾಗದ ಕಚೇರಿಗೆ ಹೋಗಿ, ಈ ವಿಳಾಸದಲ್ಲಿ ಪಾರ್ಲರಿಗೆ ಅವಕಾಶವಿದೆಯೇ ಎಂದು ಮೊದಲೇ ಕೇಳಬೇಕು. ಮನೆ ಮಾಲೀಕರ ಒಪ್ಪಿಗೆಪತ್ರವನ್ನೂ ಪಡೆಯಬೇಕು. ಅಪಾರ್ಟ್‌ಮೆಂಟ್ ಆದರೆ ಸಂಘದ ಬೈಲಾ ಓದಬೇಕು. ಫ್ಲ್ಯಾಟು ವಾಸಕ್ಕೆ ಮಾತ್ರ ಎಂದು ಅದರಲ್ಲಿದ್ದರೆ ಸಂಘ ತಡೆಯಬಹುದು.

ಕರೆಂಟಿನದು ಇನ್ನೊಂದು ಲೆಕ್ಕ. ಗೃಹಬಳಕೆಯ ಮೀಟರಿನಲ್ಲಿ ವ್ಯಾಪಾರ ನಡೆಸಿ ಸಿಕ್ಕಿಬಿದ್ದರೆ, 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಡಿ ಆ ಬಳಕೆಗೆ ತಗಲುವ ದರದ ಎರಡರಷ್ಟು ಕಟ್ಟಬೇಕು. ವ್ಯಾಪಾರದ ಬಳಕೆಗೆ ಗೃಹಜ್ಯೋತಿಯೂ ಇಲ್ಲ. ಪಾರ್ಲರಿನ ಕೋಣೆಗೆ ವಾಣಿಜ್ಯ ಮೀಟರನ್ನು ಬೇರೆಯಾಗಿ ಹಾಕಿಸುವುದೇ ಕ್ಷೇಮ.

ಆರೋಗ್ಯ ನಿರೀಕ್ಷಕರು ಬಂದಾಗ ಕೋಣೆಯೇ ಉತ್ತರ ಹೇಳಬೇಕು. ಬ್ಲೇಡು, ಥ್ರೆಡಿಂಗ್ ದಾರ, ವ್ಯಾಕ್ಸ್ ಪಟ್ಟಿ ಒಬ್ಬರಿಗೆ ಒಂದು ಸಲ ಮಾತ್ರ. ಒಬ್ಬರಿಗೆ ಬಳಸಿದ ಬ್ಲೇಡಿನಲ್ಲಿ ಉಳಿದ ರಕ್ತದಿಂದ ಹೆಪಟೈಟಿಸ್ ಬಿ ಇನ್ನೊಬ್ಬರಿಗೆ ಹರಡಬಲ್ಲದು. ಟವೆಲ್ ಪ್ರತಿ ಗಿರಾಕಿಗೂ ಒಗೆದದ್ದೇ ಆಗಬೇಕು. ನೀಲಿ ದೀಪದ ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಕತ್ತರಿ ಶುದ್ಧವಾಗುವುದಿಲ್ಲ. ಮೊದಲು ಸೋಪುನೀರಿನಲ್ಲಿ ಉಜ್ಜಿ ತೊಳೆದು, ಆಮೇಲೆ ಸೋಂಕುನಾಶಕದಲ್ಲಿ ಅದರ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಮುಳುಗಿಸಿಡಬೇಕು.

ಅಕ್ಕಪಕ್ಕದವರ ತಕರಾರು ಹೆಚ್ಚಾಗಿ ನಾಲ್ಕು ಸಂಗತಿಗಳದು: ಗೇಟಿಗೆ ಅಡ್ಡ ನಿಲ್ಲುವ ಸ್ಕೂಟರು, ಮೆಟ್ಟಿಲ ಮೇಲಿನ ಚಪ್ಪಲಿ ರಾಶಿ, ಹೇರ್ ಡೈಯ ಅಮೋನಿಯಾ ವಾಸನೆ, ಕೂದಲು ಸಿಕ್ಕಿ ಕಟ್ಟಿದ ಪೈಪು. ಸಮಯ ಕೊಟ್ಟು ಒಬ್ಬೊಬ್ಬರನ್ನೇ ಕರೆದರೆ ಮೊದಲೆರಡು ತಗ್ಗುತ್ತವೆ. ರಸ್ತೆ ಕಡೆಗೆ ಗಾಳಿ ಎಳೆಯುವ ಎಕ್ಸಾಸ್ಟ್ ಫ್ಯಾನು ವಾಸನೆಗೆ, ಬೇಸಿನ್ನಿನ ಕೆಳಗೆ ಸಣ್ಣ ಜಾಲರಿ ಕೂದಲಿಗೆ. ಉಳಿದ ವ್ಯಾಕ್ಸನ್ನು ನೀರಿಗೆ ಸುರಿಯಲೇಬೇಡಿ. ತಣ್ಣಗಾದರೆ ಅದು ಪೈಪಿನೊಳಗೇ ಗಟ್ಟಿಯಾಗುತ್ತದೆ.

ಪರವಾನಗಿ ಕೈಗೆ ಬಂದ ಮೇಲೆ ಅದರ ಪ್ರತಿಯನ್ನು ಬಾಗಿಲ ಬಳಿ ಎಲ್ಲರಿಗೂ ಕಾಣುವಂತೆ ಹಾಕಿ. ವಿಳಾಸಕ್ಕೆ ಅವಕಾಶವಿಲ್ಲ ಎಂಬ ಉತ್ತರ ಬಂದರೆ ಕದ್ದುಮುಚ್ಚಿ ನಡೆಸಬೇಡಿ, ಹತ್ತಿರದ ಅಗಲ ರಸ್ತೆಯಲ್ಲಿ ಕೋಣೆ ಹುಡುಕಿ.